ಜರ್ಮನ್ ಆಸ್ಪತ್ರೆಯಲ್ಲಿ ಕಾಲ್ ಡ್ಯೂಟಿ: ಕಾದ ಗಂಟೆಗೆ ಎಷ್ಟು, ಕರೆದ ಗಂಟೆಗೆ ಎಷ್ಟು? ಸ್ಯಾಲರಿ ಸ್ಲಿಪ್ ತಾಳೆ ನೋಡುವ ಸಮಗ್ರ ಮಾರ್ಗದರ್ಶಿ

ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಜರ್ಮನಿಯ ಆಸ್ಪತ್ರೆಗಳಿಗೆ ಹೋದವರಲ್ಲಿ ಓಟಿ, ಎಂಡೋಸ್ಕೋಪಿ, ಕ್ಯಾಥ್ ಲ್ಯಾಬ್‌ಗೆ ಸೇರಿದವರಿಗೆ ಕೆಲವೇ ತಿಂಗಳಲ್ಲಿ ಕಾಲ್ ಡ್ಯೂಟಿ ಬೀಳುತ್ತದೆ. ಮನೆಯಲ್ಲಿ ಫೋನ್ ಹಿಡಿದು ಕಾಯುವ ಹೊತ್ತಿಗೆ ಸಂಬಳದ ಒಂದು ಸಣ್ಣ ಪಾಲು, ಕರೆ ಬಂದು ಆಸ್ಪತ್ರೆಗೆ ಹೋದರೆ ಪೂರ್ತಿ ದರ. ಕೇಳಲು ಸುಲಭ. ಆದರೆ ಸ್ಯಾಲರಿ ಸ್ಲಿಪ್ ಮುಂದಿಟ್ಟುಕೊಂಡು ಕೂತರೆ ಲೆಕ್ಕ ಕೂಡುವುದಿಲ್ಲ. ಹೆಚ್ಚಿನ ಸಲ ತಪ್ಪು ಆಗುವುದು ಗುಣಾಕಾರದಲ್ಲಿ ಅಲ್ಲ, ತಪ್ಪು ತಿಂಗಳ ಸ್ಲಿಪ್ ನೋಡುವುದರಲ್ಲಿ, ತಪ್ಪು ಗಂಟೆದರ ಹಿಡಿಯುವುದರಲ್ಲಿ, ಅಥವಾ ಕರೆ ಬಂದ ವೇಳೆಯನ್ನು ಬರೆದಿಡದೆ ಇರುವುದರಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಕೈಯಲ್ಲಿ ಇರಬೇಕಾದವು

ನಿಮ್ಮ ಕೆಲಸದ ಕರಾರುಪತ್ರ, ಆ ತಿಂಗಳ ಡ್ಯೂಟಿ ರೋಸ್ಟರ್‌ನ ಫೋಟೋ, ನಿಮ್ಮ ಗುಂಪಿನ ಸಂಬಳ ಪಟ್ಟಿ, ಒಂದು ಸಣ್ಣ ನೋಟ್‌ಬುಕ್, ಕ್ಯಾಲ್ಕುಲೇಟರ್. ಜೊತೆಗೆ ಎರಡು ತಿಂಗಳ ನಂತರದ ಸ್ಯಾಲರಿ ಸ್ಲಿಪ್. ಎರಡು ತಿಂಗಳ ನಂತರದ್ದು ಯಾಕೆ ಎಂಬುದು 6ನೇ ಹಂತದಲ್ಲಿ ಬರುತ್ತದೆ.

ರೋಸ್ಟರ್‌ನ ಫೋಟೋವನ್ನು ಡ್ಯೂಟಿ ಮುಗಿದ ಮೇಲೆ ತೆಗೆಯಬೇಡಿ, ಮೊದಲೇ ತೆಗೆದಿಡಿ. ಅದಲುಬದಲು ಆದರೆ ಇನ್ನೊಂದು ಫೋಟೋ ತೆಗೆಯಿರಿ. ಕಂಪ್ಯೂಟರಿನ ರೋಸ್ಟರ್‌ನಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂತರೆ, ಆಮೇಲೆ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ.

## ಹಂತ 1: ನಿಮಗೆ ಯಾವ ಒಪ್ಪಂದ ಅನ್ವಯಿಸುತ್ತದೆ ಎಂದು ನೋಡಿ

ಜರ್ಮನಿಯಲ್ಲಿ ಕಾಲ್ ಡ್ಯೂಟಿಯ ದರವನ್ನು ಒಂದೇ ಕಾನೂನು ಎಲ್ಲರಿಗೂ ನಿಗದಿ ಮಾಡಿಲ್ಲ. ಯೂನಿಯನ್ ಮತ್ತು ಮಾಲೀಕರ ಸಂಘದ ನಡುವಿನ ಸಾಮೂಹಿಕ ಒಪ್ಪಂದ ಅದನ್ನು ಹೇಳುತ್ತದೆ. ನಗರಸಭೆ, ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ `TVöD` ನಡೆಯುತ್ತದೆ. ರಾಜ್ಯಗಳ ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಹೆಚ್ಚಾಗಿ `TV-L`, ಚರ್ಚ್‌ಗಳ ಆಸ್ಪತ್ರೆಗಳಲ್ಲಿ `AVR`, ಖಾಸಗಿಯವರಲ್ಲಿ ಅವರವರದೇ ಒಪ್ಪಂದ. ಕರಾರುಪತ್ರದ ಮೊದಲ ಒಂದೆರಡು ಪುಟಗಳಲ್ಲಿ ಈ ಹೆಸರು ಸಿಗುತ್ತದೆ.

ಇಲ್ಲಿಂದ ಮುಂದಿನ ಲೆಕ್ಕವೆಲ್ಲ `TVöD`ನದು. ಪಕ್ಕದ ಊರಿನ ಗೆಳತಿ ಇನ್ನೊಂದು ಒಪ್ಪಂದದಲ್ಲಿ ಇದ್ದರೆ ಅವಳ ಸ್ಲಿಪ್‌ ಜೊತೆ ನಿಮ್ಮದನ್ನು ಹೋಲಿಸಬೇಡಿ. ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ಅರ್ಧ ಜಗಳ ಇದರಿಂದಲೇ.

## ಹಂತ 2: ಇದು ನಿಜಕ್ಕೂ ಮನೆಯಲ್ಲಿ ಕಾಯುವ ಡ್ಯೂಟಿಯೇ?

ಜರ್ಮನ್‌ನಲ್ಲಿ ಎರಡು ಪದಗಳಿವೆ, ಕಿವಿಗೆ ಒಂದೇ ಥರ ಕೇಳಿಸುತ್ತವೆ. `Rufbereitschaft` ಎಂದರೆ ನೀವು ಎಲ್ಲಿರಬೇಕೆಂದು ನೀವೇ ಆರಿಸಿಕೊಂಡು, ಫೋನಿಗೆ ಸಿಗುವಂತೆ ಇದ್ದು, ಕರೆದರೆ ಹೋಗುವುದು. `Bereitschaftsdienst` ಎಂದರೆ ಆಸ್ಪತ್ರೆ ಹೇಳಿದ ಜಾಗದಲ್ಲೇ, ಸಾಮಾನ್ಯವಾಗಿ ಆಸ್ಪತ್ರೆಯೊಳಗಿನ ಕೋಣೆಯಲ್ಲಿ, ಇರುವುದು. ಎರಡನೆಯದರಲ್ಲಿ ಮಲಗಿ ಕಳೆದ ಹೊತ್ತೂ ಕೆಲಸದ ಸಮಯವೇ, ಅದರ ದರದ ಪಟ್ಟಿಯೂ ಬೇರೆ. ಮೊದಲನೆಯದರಲ್ಲಿ ಕರೆಯಿಲ್ಲದೆ ಕಾದ ಹೊತ್ತು ಕಾನೂನಿನ ಕಣ್ಣಿಗೆ ವಿಶ್ರಾಂತಿ. ಅದಕ್ಕೇ ಅಲ್ಲಿ ಸಿಗುವುದು ಸಣ್ಣ ಪಾಲು. ಈ ಬರಹ ಮೊದಲನೆಯದಕ್ಕೆ ಮಾತ್ರ.

ಎಚ್ಚರದ ಗುರುತು ಒಂದಿದೆ. ಮನೆಯಲ್ಲೇ ಇರಿ ಎನ್ನುತ್ತಾರೆ, ಆದರೆ ಕರೆ ಬಂದ 20 ನಿಮಿಷದೊಳಗೆ ಕೆಲಸ ಶುರು ಮಾಡಬೇಕು ಎಂಬ ಷರತ್ತು ಹಾಕುತ್ತಾರೆ. ಅಷ್ಟು ಬಿಗಿಯಾದರೆ ಜಾಗ ಆರಿಸುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯುತ್ತದೆ. 20 ನಿಮಿಷದ ಷರತ್ತು ಮನೆಯಲ್ಲಿ ಕಾಯುವ ಡ್ಯೂಟಿಗೆ ಹೊಂದುವುದಿಲ್ಲ ಎಂದು ಜರ್ಮನಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 2002ರಲ್ಲಿ ಹೇಳಿದೆ. ಬೆಲ್ಜಿಯಂನ ಒಬ್ಬ ಅಗ್ನಿಶಾಮಕ ಸಿಬ್ಬಂದಿ 8 ನಿಮಿಷದಲ್ಲಿ ಠಾಣೆ ತಲುಪಬೇಕಿತ್ತು. ಆತ ಮನೆಯಲ್ಲಿ ಕಾದ ಹೊತ್ತು ಕೆಲಸದ ಸಮಯವೇ ಎಂದು 2018ರಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿತು. ಆದರೆ ಇದನ್ನು ಹಿಡಿದು ‘ಹಾಗಾದರೆ ಪೂರ್ತಿ ಸಂಬಳ ಕೊಡಿ’ ಎನ್ನಲಾಗದು. ಕೆಲಸದ ಸಮಯ ಯಾವುದು ಎಂದು ಯುರೋಪಿನ ನಿಯಮ ಹೇಳುತ್ತದೆ; ಆ ಸಮಯಕ್ಕೆ ಎಷ್ಟು ದುಡ್ಡು ಎಂಬುದನ್ನು ದೇಶದ ಕಾನೂನಿಗೆ, ಒಪ್ಪಂದಕ್ಕೆ ಬಿಟ್ಟಿದೆ.

ನಿಮ್ಮಲ್ಲಿ ಇಂಥ ಷರತ್ತು ಇದ್ದರೆ ಲೆಕ್ಕ ಶುರು ಮಾಡುವ ಮುನ್ನ ಸಿಬ್ಬಂದಿ ಪ್ರತಿನಿಧಿಗಳನ್ನು ಕಾಣಿ. ಸರ್ಕಾರಿ ರೂಪದ ಆಸ್ಪತ್ರೆಯಲ್ಲಿ ಅವರನ್ನು `Personalrat` ಎನ್ನುತ್ತಾರೆ, ಕಂಪನಿ ರೂಪದ ಆಸ್ಪತ್ರೆಯಲ್ಲಿ `Betriebsrat`.

## ಹಂತ 3: ಗಂಟೆದರ ತೆಗೆಯಿರಿ

ಪಟ್ಟಿಯಲ್ಲಿರುವ ಪೂರ್ಣಾವಧಿ ತಿಂಗಳ ಸಂಬಳವನ್ನು, ವಾರದ ಪೂರ್ಣಾವಧಿ ಗಂಟೆಗಳನ್ನು 4.348ರಿಂದ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ತಿಂಗಳಿಗೆ ಸರಾಸರಿ ಅಷ್ಟು ವಾರ ಎಂಬ ಲೆಕ್ಕ ಅದು. ಲೆಕ್ಕ ಸಲೀಸಾಗಲಿ ಎಂದು ನಾವೇ ಆರಿಸಿಕೊಂಡ ಒಂದು ಸಂಬಳ, ವಾರಕ್ಕೆ 38.5 ಗಂಟೆ:

```
3682.76 / (38.5 × 4.348) = 22.00
```

ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ಶಿಫ್ಟ್ ಭತ್ಯೆ, ನರ್ಸಿಂಗ್ ಭತ್ಯೆಗಳನ್ನೂ ಸೇರಿಸಿ ಭಾಗಿಸುವುದು. ಅವು ಇಲ್ಲಿ ಬರುವುದಿಲ್ಲ, ಪಟ್ಟಿಯ ಸಂಬಳ ಮಾತ್ರ.

ಎರಡು, ಅರೆಕಾಲಿಕರು ತಮ್ಮ ಅರ್ಧ ಸಂಬಳವನ್ನು ಪೂರ್ಣಾವಧಿ ಗಂಟೆಯಿಂದ ಭಾಗಿಸುವುದು. ಹಾಗೆ ಮಾಡಿದರೆ ಗಂಟೆದರವೂ ಅರ್ಧಕ್ಕೆ ಇಳಿಯುತ್ತದೆ, ಸ್ಲಿಪ್‌ನಲ್ಲಿ ಕಡಿಮೆ ಕೊಟ್ಟಿದ್ದರೂ ಸರಿಯಾಗಿದೆ ಎಂದು ಕಾಣುತ್ತದೆ. ಅರೆಕಾಲಿಕರಾದರೂ ಪಟ್ಟಿಯ ಪೂರ್ತಿ ಸಂಬಳವನ್ನೇ ಹಿಡಿಯಿರಿ.

ಮೂರನೆಯದು ಅನುಭವದ ಮೆಟ್ಟಿಲಿಗೆ, ಅಂದರೆ `Stufe`ಗೆ, ಸಂಬಂಧಿಸಿದ್ದು. ಕಾಯುವ ಹೊತ್ತಿನ ಮೊತ್ತಕ್ಕೆ ನಿಮ್ಮದೇ ಮೆಟ್ಟಿಲಿನ ಗಂಟೆದರ. ಕರೆದಾಗ ಮಾಡಿದ ಕೆಲಸಕ್ಕೂ ನಿಮ್ಮದೇ ಮೆಟ್ಟಿಲು, ಆದರೆ 4ನೇ ಮೆಟ್ಟಿಲಿಗಿಂತ ಮೇಲೆ ಹೋಗುವುದಿಲ್ಲ. ಓವರ್‌ಟೈಮ್, ರಾತ್ರಿ, ಭಾನುವಾರಗಳ ಶೇಕಡಾವಾರು ಹೆಚ್ಚುವರಿಯನ್ನು ಎಲ್ಲರಿಗೂ ತಮ್ಮ ಗುಂಪಿನ 3ನೇ ಮೆಟ್ಟಿಲಿನ ದರದ ಮೇಲೆ ತೆಗೆಯುತ್ತಾರೆ. ಆದ್ದರಿಂದ 5ನೇ ಮೆಟ್ಟಿಲಿನವರು ಮೂರು ಗಂಟೆದರ ಬರೆದಿಟ್ಟುಕೊಳ್ಳಬೇಕು. ಕೆಳಗಿನ ಉದಾಹರಣೆಯ ನರ್ಸ್ 3ನೇ ಮೆಟ್ಟಿಲಿನವರು. ಅವರಿಗೆ ಮೂರೂ ಒಂದೇ, 22 ಯೂರೋ.

## ಹಂತ 4: ಪ್ರತಿ ಕರೆಯ ವೇಳೆಯನ್ನು ಆಗಲೇ ಬರೆಯಿರಿ

ಪ್ರತಿ ಕಾಲ್ ಡ್ಯೂಟಿಗೆ ನೋಟ್‌ಬುಕ್‌ನಲ್ಲಿ ಒಂದು ಪುಟ. ಡ್ಯೂಟಿ ಶುರುವಾದ ದಿನ, ಗಂಟೆ. ಮುಗಿದ ದಿನ, ಗಂಟೆ. ನಂತರ ಪ್ರತಿ ಕರೆಗೆ: ಫೋನ್ ಬಂದದ್ದು ಯಾವಾಗ, ಮನೆ ಬಿಟ್ಟದ್ದು ಯಾವಾಗ, ಮನೆಗೆ ವಾಪಸ್ ಬಂದದ್ದು ಯಾವಾಗ, ಏನು ಕೆಲಸ.

ಮನೆ ಬಿಟ್ಟ ಮತ್ತು ವಾಪಸ್ ಬಂದ ವೇಳೆ ಮುಖ್ಯ. ಹೋಗಿಬರುವ ದಾರಿಯ ಹೊತ್ತೂ ಕೆಲಸದ ಜೊತೆ ಸೇರುತ್ತದೆ. ಆಸ್ಪತ್ರೆಯ ಪಂಚಿಂಗ್ ಯಂತ್ರ ಗೇಟಿನಿಂದ ಗೇಟಿನವರೆಗಿನದನ್ನು ಮಾತ್ರ ಹಿಡಿಯುತ್ತದೆ, ದಾರಿ ಅದಕ್ಕೆ ಗೊತ್ತಿಲ್ಲ. ಕಡಿಮೆ ಪಾವತಿಗೆ ನಾವು ಕಾಣುವ ಅತಿ ಸಾಮಾನ್ಯ ಕಾರಣ ಇದೇ. ಯಂತ್ರದ ಅಂಕಿಯನ್ನೇ ಹಾಗೇ ಸಂಬಳ ವಿಭಾಗಕ್ಕೆ ಕಳಿಸುತ್ತಾರೆ.

ಆಸ್ಪತ್ರೆಗೆ ಹೋಗದೆ ಫೋನಿನಲ್ಲೇ ಉತ್ತರ ಹೇಳಿದರೆ ಅದನ್ನೂ ಬರೆಯಿರಿ. ‘ಆ ಸ್ಟೇಪ್ಲರ್ ಎಲ್ಲಿಟ್ಟಿದ್ದೀರಿ’ ಎಂಬ ನಾಲ್ಕು ನಿಮಿಷದ ಮಾತೂ ಲೆಕ್ಕಕ್ಕೆ ಬರುವ ಕೆಲಸವೇ. ಫೋನಿನ ಕರೆಪಟ್ಟಿ ಕೆಲವು ವಾರಗಳಲ್ಲಿ ಅಳಿಸಿಹೋಗಬಹುದು, ಅದರ ಮೇಲೆ ಭರವಸೆ ಇಡಬೇಡಿ.

## ಹಂತ 5: ಮೊತ್ತ ಹಾಕಿ

### ಕಾಯುವ ಹೊತ್ತಿಗೆ

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಡ್ಯೂಟಿ ಎಡೆಬಿಡದೆ 12 ಗಂಟೆ ಅಥವಾ ಹೆಚ್ಚು ಇತ್ತೇ?

ಇದ್ದರೆ ದಿನಕ್ಕೆ ಒಂದು ಇಡಿಗಂಟು ಮೊತ್ತ. ಸೋಮವಾರದಿಂದ ಶುಕ್ರವಾರದವರೆಗೆ ಎರಡು ಗಂಟೆಯ ಸಂಬಳ. ಶನಿವಾರ, ಭಾನುವಾರ, ಸರ್ಕಾರಿ ರಜಾದಿನಗಳಿಗೆ ನಾಲ್ಕು ಗಂಟೆಯ ಸಂಬಳ. ಯಾವ ದಿನ ಎಂದು ತೀರ್ಮಾನವಾಗುವುದು ಡ್ಯೂಟಿ ಶುರುವಾದ ದಿನದಿಂದ. ಭಾನುವಾರ ಸಂಜೆ 7ರಿಂದ ಸೋಮವಾರ ಬೆಳಿಗ್ಗೆ 7ರವರೆಗೆ ಕಾದರೆ ಸರಿಯಾಗಿ 12 ಗಂಟೆ, ಶುರು ಭಾನುವಾರ. ಅಲ್ಲಿಗೆ ನಾಲ್ಕು ಗಂಟೆಯ ಸಂಬಳ. ಏಪ್ರಿಲ್ 30 ವಾರದ ದಿನವಾಗಿ, ಅಂದು ಸಂಜೆ ಶುರುವಾಗಿ ಮೇ 1ರ ಬೆಳಿಗ್ಗೆ ಮುಗಿದರೆ ಮಾತ್ರ ಎರಡೇ, ಮೇ 1 ರಜೆಯಾದರೂ.

12 ಗಂಟೆಗಿಂತ ಕಡಿಮೆ ಇದ್ದರೆ ಇಡಿಗಂಟಿಲ್ಲ. ಪ್ರತಿ ಗಂಟೆಗೆ ಗಂಟೆದರದ ಶೇ. 12.5, ಅಂದರೆ ಎಂಟನೇ ಒಂದು ಪಾಲು. 22 ಯೂರೋದವರಿಗೆ ಗಂಟೆಗೆ 2.75. ಶನಿವಾರವಾದರೂ ಅಷ್ಟೇ.

ಈ 12 ಗಂಟೆಯ ಗೆರೆಯ ಮೇಲೆ ಕಣ್ಣಿಡಿ. ಶನಿವಾರ 12 ಗಂಟೆ ಕಾದರೆ 88 ಯೂರೋ, 11 ಗಂಟೆ ಕಾದರೆ 30.25. ಒಂದು ಗಂಟೆ ಕಡಿಮೆಯಾದದ್ದಕ್ಕೆ 57 ಯೂರೋಗೂ ಹೆಚ್ಚು ಹೋಯಿತು. ರೋಸ್ಟರ್‌ನಲ್ಲಿ ವಾರಾಂತ್ಯದ ಡ್ಯೂಟಿಗಳು ಇದ್ದಕ್ಕಿದ್ದಂತೆ ಹನ್ನೊಂದೂವರೆ ಗಂಟೆಯ ತುಂಡುಗಳಾಗಿ ಕಾಣಿಸಿಕೊಂಡರೆ ಅದು ಆಕಸ್ಮಿಕ ಆಗಿರಲಾರದು. ರೋಸ್ಟರ್ ಹೇಗಿರಬೇಕೆಂದು ಮಾತಾಡುವ ಹಕ್ಕು ಸಿಬ್ಬಂದಿ ಪ್ರತಿನಿಧಿಗಳಿಗಿದೆ, ಅವರಿಗೆ ತೋರಿಸಿ.

ಇಡೀ ವಾರಾಂತ್ಯ ಕಾದರೆ ಹೇಗೆ ಎಂಬುದಕ್ಕೆ ಒಪ್ಪಂದ ಮಾಡಿದವರೇ ಒಂದು ಉದಾಹರಣೆ ಬರೆದಿಟ್ಟಿದ್ದಾರೆ. ಶುಕ್ರವಾರ ಮಧ್ಯಾಹ್ನ 3ಕ್ಕೆ ಶುರು, ಸೋಮವಾರ ಬೆಳಿಗ್ಗೆ 7ಕ್ಕೆ ಮುಕ್ತಾಯ. ಶುಕ್ರವಾರಕ್ಕೆ ಎರಡು, ಶನಿವಾರಕ್ಕೆ ನಾಲ್ಕು, ಭಾನುವಾರಕ್ಕೆ ನಾಲ್ಕು, ಸೋಮವಾರಕ್ಕೆ ಏನೂ ಇಲ್ಲ. ಒಟ್ಟು ಹತ್ತು ಗಂಟೆಯ ಸಂಬಳ, ನಮ್ಮ ನರ್ಸ್‌ಗೆ 220 ಯೂರೋ. ಕಾದದ್ದು 64 ಗಂಟೆ. ಸೋಮವಾರದ ಏಳು ಗಂಟೆಗೆ ಬೇರೆ ಮೊತ್ತ ಬರಬೇಕೆಂದು ಬರೆಯುವವರು ಬಹಳ, ಆ ಅರ್ಜಿ ನಿಲ್ಲುವುದಿಲ್ಲ.

### ಕರೆದು ಹೋದ ಹೊತ್ತಿಗೆ

ಪ್ರತಿ ಸಲ ಹೋಗಿ ಬಂದ ಹೊತ್ತನ್ನು, ದಾರಿ ಸೇರಿಸಿ, ಬೇರೆಬೇರೆಯಾಗಿ ಮುಂದಿನ ಪೂರ್ತಿ ಗಂಟೆಗೆ ಏರಿಸಬೇಕು. ಎಲ್ಲವನ್ನೂ ಮೊದಲು ಕೂಡಿಸಿ ಕೊನೆಗೆ ಏರಿಸಿದರೆ ನಿಮಗೆ ನಷ್ಟ. ಆಸ್ಪತ್ರೆಯಿಂದ ಹೊರಡುವ ಮುನ್ನವೇ ಇನ್ನೊಂದು ಕೇಸ್ ಬಂದು ಅಲ್ಲೇ ಮುಂದುವರಿದರೆ ಮಾತ್ರ ಅದನ್ನು ಒಂದೇ ಎಂದು ಹಿಡಿಯಿರಿ.

ಹೀಗೆ ಬಂದ ಗಂಟೆಗಳಿಗೆ ಓವರ್‌ಟೈಮ್ ದರ. ಅಂದರೆ ಪೂರ್ತಿ ಗಂಟೆದರದ ಮೇಲೆ, ವಾರ್ಡ್ ಮತ್ತು ಓಟಿಯ ಸಾಮಾನ್ಯ ನರ್ಸ್‌ಗಳ ಗುಂಪುಗಳಲ್ಲಿ ಶೇ. 30. ಮೇಲಿನ ಗುಂಪುಗಳಲ್ಲಿ ಅದು ಶೇ. 15. ಕೆಲಸ ರಾತ್ರಿ 9ರಿಂದ ಬೆಳಿಗ್ಗೆ 6ರ ನಡುವೆ ಬಿದ್ದರೆ ಅದಕ್ಕೆ ಶೇ. 20, ಭಾನುವಾರ ಬಿದ್ದರೆ ಶೇ. 25 ಹೆಚ್ಚುವರಿ ಸೇರುತ್ತದೆ. ಈ ಎರಡು ಹೆಚ್ಚುವರಿಗಳು ನಿಜವಾಗಿ ಕೆಲಸ ಮಾಡಿದ ಹೊತ್ತಿಗೆ. ಮನೆಯಲ್ಲಿ ಕಾದ ರಾತ್ರಿಗೆ ಅವು ಇಲ್ಲ.

ಕರೆ ಬಂತು ಎಂದು ಕಾಯುವ ಹೊತ್ತಿನ ಇಡಿಗಂಟನ್ನು ಕಡಿಯುವಂತಿಲ್ಲ. ಎರಡೂ ಪೂರ್ತಿ ಬರಬೇಕು.

### ಫೋನಿನಲ್ಲೇ ಮುಗಿದ ಕೆಲಸಕ್ಕೆ

ಇಲ್ಲಿ ನಿಯಮ ತಿರುಗುಮುರುಗು. ಮನೆಯಲ್ಲೇ ಕೂತು ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಬೇರೆಬೇರೆಯಾಗಿ ಏರಿಸುವುದಿಲ್ಲ. ಆ ಡ್ಯೂಟಿಯ ಎಲ್ಲ ನಿಮಿಷಗಳನ್ನು ಕೂಡಿಸಿ, ಕೊನೆಗೆ ಒಂದೇ ಸಲ ಮುಂದಿನ ಪೂರ್ತಿ ಗಂಟೆಗೆ ಏರಿಸುತ್ತಾರೆ. ಐದೈದು ನಿಮಿಷದ ಆರು ಕರೆ ಬಂದರೂ ಒಂದು ಗಂಟೆ, ಆರು ಗಂಟೆ ಅಲ್ಲ.

### ಒಂದು ಬುಧವಾರದ ಲೆಕ್ಕ

ಮಾರ್ಚ್‌ನ ಒಂದು ಬುಧವಾರ ಸಂಜೆ 4ರಿಂದ ಗುರುವಾರ ಬೆಳಿಗ್ಗೆ 7ರವರೆಗೆ ಕಾಲ್ ಡ್ಯೂಟಿ. 15 ಗಂಟೆ, ಹಾಗಾಗಿ ಇಡಿಗಂಟು: ಎರಡು ಗಂಟೆಯ ಸಂಬಳ 44 ಯೂರೋ.

ಸಂಜೆ 5.30ಕ್ಕೆ 10 ನಿಮಿಷ, 6.10ಕ್ಕೆ 12 ನಿಮಿಷ ಫೋನಿನಲ್ಲಿ ಉತ್ತರ. ಒಟ್ಟು 22 ನಿಮಿಷ, ಏರಿಸಿದರೆ 1 ಗಂಟೆ.

7.05ಕ್ಕೆ ಮನೆ ಬಿಟ್ಟು 8.20ಕ್ಕೆ ವಾಪಸ್. ಒಂದೂಕಾಲು ಗಂಟೆ, ಏರಿಸಿದರೆ 2 ಗಂಟೆ. ಪಂಚಿಂಗ್ ಯಂತ್ರದಲ್ಲಿ ಇದು 7.25ರಿಂದ 8.00, ಬರೀ 35 ನಿಮಿಷ. ದಾರಿ ಬಿಟ್ಟುಹೋದರೆ 1 ಗಂಟೆಗೆ ಇಳಿಯುತ್ತದೆ, 28.60 ಯೂರೋ ಕಳೆದುಹೋಗುತ್ತದೆ.

ರಾತ್ರಿ 1ಕ್ಕೆ ಮನೆ ಬಿಟ್ಟು 4ಕ್ಕೆ ವಾಪಸ್. 3 ಗಂಟೆ, ಪೂರ್ತಿ ರಾತ್ರಿಯ ಹೊತ್ತು.

```
22.00 × 2        =  44.00
22.00 × (1+2+3)  = 132.00
22.00 × 0.30 × 6 =  39.60
22.00 × 0.20 × 3 =  13.20
                   228.80
```

ಮೊದಲ ಸಾಲು ಕಾದದ್ದಕ್ಕೆ, ಎರಡನೆಯದು ಮಾಡಿದ ಕೆಲಸಕ್ಕೆ, ಮೂರನೆಯದು ಓವರ್‌ಟೈಮ್ ಹೆಚ್ಚುವರಿ, ನಾಲ್ಕನೆಯದು ರಾತ್ರಿಯದು. ಹೀಗೆ ನಾಲ್ಕು ಸಾಲಾಗಿಯೇ ಬರೆಯಿರಿ. ಸ್ಲಿಪ್‌ನಲ್ಲೂ ಇವು ಸಾಮಾನ್ಯವಾಗಿ ಬೇರೆಬೇರೆ ಸಾಲುಗಳಲ್ಲಿ ಬರುತ್ತವೆ, ಒಟ್ಟು ಮೊತ್ತ ಮಾತ್ರ ಇಟ್ಟುಕೊಂಡರೆ ಯಾವುದು ತಪ್ಪಿತು ಎಂದು ತಿಳಿಯದು.

## ಹಂತ 6: ಸರಿಯಾದ ತಿಂಗಳ ಸ್ಲಿಪ್ ಜೊತೆ ತಾಳೆ ನೋಡಿ

ತಿಂಗಳಿಂದ ತಿಂಗಳಿಗೆ ಬದಲಾಗುವ ಮೊತ್ತಗಳು ಕೆಲಸ ಮಾಡಿದ ತಿಂಗಳ ನಂತರದ ಎರಡನೇ ತಿಂಗಳ ಸಂಬಳದ ದಿನ ಬರುತ್ತವೆ. ಮಾರ್ಚ್‌ನ ಕಾಲ್ ಡ್ಯೂಟಿ ಮೇ ಕೊನೆಯ ಸಂಬಳದಲ್ಲಿ. ಮಾರ್ಚ್ ಅಥವಾ ಏಪ್ರಿಲ್ ಸ್ಲಿಪ್ ನೋಡಿ ಗಾಬರಿಯಾಗಬೇಕಿಲ್ಲ. ಅಲ್ಲಿರುವುದು ಜನವರಿ, ಫೆಬ್ರವರಿಯ ಲೆಕ್ಕ.

ಸ್ಲಿಪ್‌ನಲ್ಲಿ ಮೊದಲು ಗಂಟೆಗಳನ್ನು ತಾಳೆ ನೋಡಿ, ಆಮೇಲೆ ದರ, ಕೊನೆಗೆ ಯೂರೋ. ಗಂಟೆ ಕಡಿಮೆ ಇದ್ದರೆ ತಪ್ಪು ವಾರ್ಡ್‌ನಿಂದ ಹೋದ ಮಾಹಿತಿಯಲ್ಲಿದೆ. ಗಂಟೆ ಸರಿ ಇದ್ದು ದರ ಬೇರೆ ಇದ್ದರೆ 3ನೇ ಹಂತಕ್ಕೆ ಹಿಂತಿರುಗಿ, ಮೆಟ್ಟಿಲು ತಪ್ಪಿರಬಹುದು, ನಿಮ್ಮದೋ ಅವರದೋ.

ಕೈಗೆ ಬಂದ ದುಡ್ಡಿನ ಜೊತೆ ಹೋಲಿಸಬೇಡಿ, ತೆರಿಗೆ ಕಡಿಯುವ ಮುನ್ನಿನ ಮೊತ್ತ ನೋಡಿ. ಇಡಿಗಂಟಿಗೂ ಓವರ್‌ಟೈಮ್ ಸಂಬಳಕ್ಕೂ ತೆರಿಗೆ ಇದೆ. ಆದರೆ ಮಾಡಿದ ರಾತ್ರಿ ಕೆಲಸದ ಶೇ. 20 ಹೆಚ್ಚುವರಿ ತೆರಿಗೆರಹಿತ ಮಿತಿಯೊಳಗೆ ಬರುತ್ತದೆ. ಅದಕ್ಕೂ ತೆರಿಗೆ ಹಿಡಿದಿದ್ದರೆ ಕೇಳಬಹುದು.

ದುಡ್ಡಿನ ಬದಲು ಗಂಟೆಗಳು ರಜೆಯ ಖಾತೆಗೆ ಹೋಗಿವೆ ಎಂದು ಕೆಲವರಿಗೆ ಹೇಳುತ್ತಾರೆ. ಹಾಗೆ ಮಾಡಲು ಆಸ್ಪತ್ರೆಯಲ್ಲಿ ಅಂಥ ಖಾತೆಯ ವ್ಯವಸ್ಥೆ ಇರಬೇಕು, ನೀವೂ ಅದನ್ನು ಬಯಸಿರಬೇಕು. ನಿಮ್ಮನ್ನು ಕೇಳದೆ ಹಾಕಿದ್ದರೆ 8ನೇ ಹಂತಕ್ಕೆ ಹೋಗಿ.

## ಹಂತ 7: ಮರುದಿನದ ಶಿಫ್ಟ್ ನೋಡಿ

ಇದು ದುಡ್ಡಿನ ಮಾತಲ್ಲ, ಆದರೂ ಅದೇ ನೋಟ್‌ಬುಕ್‌ನಿಂದ ತಿಳಿಯುತ್ತದೆ. ಜರ್ಮನ್ ಕಾನೂನಿನಲ್ಲಿ ಎರಡು ಶಿಫ್ಟ್‌ಗಳ ನಡುವೆ ಎಡೆಬಿಡದ 11 ಗಂಟೆ ವಿಶ್ರಾಂತಿ ಬೇಕು. ಆಸ್ಪತ್ರೆಗಳಿಗೆ ವಿನಾಯಿತಿ ಇದೆ: ಕರೆಗಳಿಂದ ಕಡಿದುಹೋದ ಹೊತ್ತು ವಿಶ್ರಾಂತಿಯ ಅರ್ಧವನ್ನು ಮೀರದಿದ್ದರೆ, ಅದನ್ನು ಬೇರೆ ದಿನ ತುಂಬಿಕೊಡಬಹುದು. ನಮ್ಮ ಬುಧವಾರದಲ್ಲಿ ಹೋಗಿಬಂದದ್ದು ನಾಲ್ಕೂಕಾಲು ಗಂಟೆ, ಫೋನು 22 ನಿಮಿಷ. ಐದೂವರೆ ಗಂಟೆ ದಾಟಿಲ್ಲ. ಹಾಗಾಗಿ ಗುರುವಾರ ಬೆಳಗಿನ ಶಿಫ್ಟ್ ಹಾಕಿದ್ದರೆ ಅದಷ್ಟರಿಂದಲೇ ಕಾನೂನು ಮುರಿದಂತಲ್ಲ, ಆದರೆ ಕಳೆದ ವಿಶ್ರಾಂತಿ ಯಾವ ದಿನ ಸಿಗುತ್ತದೆ ಎಂದು ಕೇಳಬೇಕು. ಇಲ್ಲಿ ಎಣಿಸುವುದು ನಿಜವಾದ ನಿಮಿಷ. ಸಂಬಳಕ್ಕಾಗಿ ಮೇಲಕ್ಕೆ ಏರಿಸಿದ ಗಂಟೆಯಲ್ಲ. ಅರ್ಧ ಮೀರಿದ ರಾತ್ರಿಯಾದರೆ ಬೆಳಗಿನ ಶಿಫ್ಟ್‌ಗೆ ಹೋಗುವ ಮುನ್ನವೇ ಇನ್‌ಚಾರ್ಜ್‌ಗೆ ತಿಳಿಸಿ.

## ಹಂತ 8: ಕಡಿಮೆ ಬಂದಿದ್ದರೆ ಬರೆದು ಕೇಳಿ

ಇನ್‌ಚಾರ್ಜ್ ಸಿಸ್ಟರ್‌ಗೆ ಬಾಯಲ್ಲಿ ಹೇಳಿ, ‘ನೋಡೋಣ’ ಎಂಬ ಉತ್ತರ ಪಡೆದು ಕಾಯುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಹಣ ಬರಬೇಕಾಗಿದ್ದ ದಿನದಿಂದ 6 ತಿಂಗಳೊಳಗೆ ಲಿಖಿತವಾಗಿ ಕೇಳದಿದ್ದರೆ ಆ ಹಕ್ಕೇ ಬಿದ್ದುಹೋಗುತ್ತದೆ. ಬಾಯಿಮಾತು ಲೆಕ್ಕಕ್ಕಿಲ್ಲ. ಮಾರ್ಚ್‌ನ ಡ್ಯೂಟಿಯ ಹಣ ಮೇ ಕೊನೆಗೆ ಬರಬೇಕಿತ್ತು, ಹಾಗಾಗಿ ನವೆಂಬರ್ ಕೊನೆಯೊಳಗೆ ಪತ್ರ ಅವರ ಕೈಯಲ್ಲಿರಬೇಕು. ಎಣಿಕೆ ಡ್ಯೂಟಿಯ ದಿನದಿಂದ ಅಲ್ಲ, ಆದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಪತ್ರ ಹೋಗಬೇಕಾದದ್ದು ವಾರ್ಡ್‌ಗಲ್ಲ, ಸಿಬ್ಬಂದಿ ವಿಭಾಗಕ್ಕೆ. ಸಹಿ ಹಾಕಿದ ಕಾಗದವನ್ನೇ ಕೊಡಿ, ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಿ. ‘ಲೆಕ್ಕ ಸರಿಯಿದೆಯೇ ದಯವಿಟ್ಟು ನೋಡಿ’ ಎಂದಷ್ಟೇ ಬರೆದರೆ ಅದು ವಿಚಾರಣೆ, ಹಕ್ಕಿನ ಬೇಡಿಕೆಯಲ್ಲ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಬರಬೇಕಿತ್ತು, ಎಷ್ಟು ಬಂದಿದೆ, ಉಳಿದದ್ದನ್ನು ಕೊಡಬೇಕು ಎಂದು ನೇರವಾಗಿ ಬರೆಯಿರಿ. ಜರ್ಮನ್‌ನಲ್ಲಿ ಇದಕ್ಕೆ ಬಳಸುವ ಕ್ರಿಯಾಪದ `geltend machen`, ಪತ್ರದಲ್ಲಿ ಆ ಮಾತು ಇರಲಿ. ಐದನೇ ಹಂತದ ನಾಲ್ಕು ಸಾಲಿನ ಲೆಕ್ಕವನ್ನೇ ಹಾಗೇ ಕೆಳಗೆ ಅಂಟಿಸಬಹುದು.

ಒಂದೇ ಬಗೆಯ ತಪ್ಪು, ಉದಾಹರಣೆಗೆ ದಾರಿಯ ಹೊತ್ತು ಬಿಡುವುದು, ತಿಂಗಳು ತಿಂಗಳೂ ಮರುಕಳಿಸುತ್ತಿದ್ದರೆ ಮುಂದಿನ ತಿಂಗಳುಗಳಿಗೂ ಇದೇ ಬೇಡಿಕೆ ಎಂದು ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿ. ಅದೇ ಸಂಗತಿಗೆ ಒಮ್ಮೆ ಬರೆದದ್ದು ನಂತರ ಬರಬೇಕಾದ ಮೊತ್ತಗಳಿಗೂ ಸಾಲುತ್ತದೆ ಎಂದು ಒಪ್ಪಂದವೇ ಹೇಳುತ್ತದೆ. ನೋಟ್‌ಬುಕ್ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಪ್ರತಿ ತಿಂಗಳ ಗಂಟೆಗಳನ್ನು ಕೊನೆಗೆ ಅದರಿಂದಲೇ ತೋರಿಸಬೇಕು.